ಮಾರ್ಚ್ ತಿಂಗಳ ‘ತೆರಿಗೆ ಉಳಿತಾಯ’ ಪೋಸ್ಟರ್: ಒಂದೊಂದೇ ಸಾಲನ್ನು ಓದೋಣ

ಅಳತೆ ಮತ್ತು ತೂಕದಲ್ಲಿ ಪ್ರಾಮಾಣಿಕತೆಯ ಬಗ್ಗೆ ಖತೀಬರು ಮಾತನಾಡಿದ ಜುಮಾ ಅದು. ನಮಾಝ್ ಮುಗಿಸಿ ಹೊರಗೆ ಬಂದಾಗ ನಮ್ಮ ಜಮಾಅತಿನ ಶಿಕ್ಷಕಿಯೊಬ್ಬರ ತಮ್ಮ ಮೊಬೈಲ್ ಹಿಡಿದು ನನಗಾಗಿ ಕಾಯುತ್ತಿದ್ದ. ‘ಚಾಚಾ, ಆಪಾ ಒಂದು ಪಾಲಿಸಿ ಮಾಡಿಸಿದ್ದಾರೆ. ಮೊದಲ ಕಂತು ಕಟ್ಟಿ ಆಯಿತು. ಸರಿಯಾಗಿದೆಯಾ ನೋಡಿ ಹೇಳಬೇಕಂತೆ’ ಎಂದ. ಮೊಹಲ್ಲಾದ ವಾಟ್ಸಾಪ್ ಗುಂಪಿನಲ್ಲಿ ಓಡಾಡುತ್ತಿದ್ದ ಪೋಸ್ಟರ್ ಅವನ ಮೊಬೈಲಿನಲ್ಲಿತ್ತು. ಹಸಿರು ಬಣ್ಣ, ಮೇಲೆ ಅರ್ಧಚಂದ್ರ, ಕೆಳಗೆ ನಾಲ್ಕು ಸಾಲು:

‘46,800 ರೂಪಾಯಿ ತೆರಿಗೆ ಉಳಿಸಿ! 10 ಲಕ್ಷ ಕಟ್ಟಿ 24 ಲಕ್ಷ ಪಡೆಯಿರಿ, ವರ್ಷಕ್ಕೆ 14% ಲಾಭ ಗ್ಯಾರಂಟಿ! ಬಡ್ಡಿ ಅಲ್ಲ, ಬೋನಸ್! ಮಾರ್ಚ್ 31 ಕೊನೆಯ ದಿನ!’

ವರ್ಷಾನುಗಟ್ಟಲೆ ಜನರ ತೆರಿಗೆ ರಿಟರ್ನ್ ತುಂಬಿಕೊಟ್ಟವನಾದ ನನಗೆ ಇಂಥ ಪೋಸ್ಟರ್ ಹೊಸದಲ್ಲ. ಜನವರಿಯಿಂದ ಮಾರ್ಚ್‌ವರೆಗೆ ಇವು ಮಳೆಗಾಲದ ಅಣಬೆಯಂತೆ ಏಳುತ್ತವೆ. ಈ ಪೋಸ್ಟರ್ ಹಂಚಿದವನು ಮೋಸಗಾರನಲ್ಲ. ಪರವಾನಗಿ ಇರುವ ಏಜೆಂಟ್, ನಮ್ಮದೇ ಮೊಹಲ್ಲಾದ ಹುಡುಗ. ಪಾಲಿಸಿ ನಿಜವಾದದ್ದು, ಕಂಪೆನಿಯೂ ನಿಜವಾದದ್ದು. ಸಮಸ್ಯೆ ಇದ್ದದ್ದು ಪೋಸ್ಟರಿನ ಮಾತುಗಳಲ್ಲಿ.

2019ರಲ್ಲಿ ಬೆಂಗಳೂರಿನ ಐಎಂಎ ಕುಸಿದಾಗ ‘ಹಲಾಲ್ ಲಾಭ’ ಎಂಬ ಮಾತನ್ನು ನಂಬಿದ ಸಾವಿರಾರು ಮುಸ್ಲಿಮ್ ಕುಟುಂಬಗಳು ಬೀದಿಗೆ ಬಂದವು. ಅಂದಿನಿಂದ ‘ಸರಕಾರದ ಪರವಾನಗಿ ಇರುವ ಕಡೆ ಮಾತ್ರ ಹಣ ಹಾಕಿ’ ಎಂದು ಎಲ್ಲರೂ ಹೇಳುತ್ತೇವೆ. ಹೇಳಬೇಕಾದ್ದೇ. ಆದರೆ ಪರವಾನಗಿ ಇರುವ ಕಂಪೆನಿಯ ಪಾಲಿಸಿಯನ್ನೂ ಸುಳ್ಳು ವಾಕ್ಯದಿಂದ ಮಾರಬಹುದು. ಆದ್ದರಿಂದ ಆ ನಾಲ್ಕು ಸಾಲುಗಳನ್ನು ಒಂದೊಂದಾಗಿ ನೋಡೋಣ.

‘46,800 ರೂಪಾಯಿ ತೆರಿಗೆ ಉಳಿಸಿ’

ಈ ಸಂಖ್ಯೆ ಎಲ್ಲಿಂದ ಬಂತು? ಆದಾಯ ತೆರಿಗೆಯ ಸೆಕ್ಷನ್ 80ಸಿ ಪ್ರಕಾರ ಜೀವ ವಿಮೆ, ಭವಿಷ್ಯ ನಿಧಿ, ಮಕ್ಕಳ ಶಾಲಾ ಬೋಧನಾ ಶುಲ್ಕ ಮುಂತಾದವುಗಳಿಗೆ ಕಟ್ಟಿದ ಹಣವನ್ನು ಒಟ್ಟು ಒಂದೂವರೆ ಲಕ್ಷದವರೆಗೆ ಆದಾಯದಿಂದ ಕಳೆಯಬಹುದು. ಒಂದೂವರೆ ಲಕ್ಷಕ್ಕೆ 30% ಎಂದರೆ 45,000. ಅದರ ಮೇಲೆ 4% ಸೆಸ್ 1,800. ಒಟ್ಟು 46,800. ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಅದು ಯಾರಿಗೆ ಅನ್ವಯಿಸುತ್ತದೆ ಎಂಬುದನ್ನು ಪೋಸ್ಟರ್ ಹೇಳುವುದಿಲ್ಲ.

ಅದಕ್ಕೆ ಮೂರು ಷರತ್ತುಗಳಿವೆ. ವ್ಯಕ್ತಿ ಹಳೆಯ ತೆರಿಗೆ ಪದ್ಧತಿಯಲ್ಲಿರಬೇಕು. ಎಲ್ಲ ಕಡಿತಗಳ ನಂತರವೂ ಅವರ ಆದಾಯ 10 ಲಕ್ಷಕ್ಕಿಂತ ಮೇಲಿರಬೇಕು. 80ಸಿಯ ಒಂದೂವರೆ ಲಕ್ಷದಲ್ಲಿ ಒಂದು ರೂಪಾಯಿಯೂ ಬೇರೆ ಕಡೆಯಿಂದ ತುಂಬಿರಬಾರದು. ಈ ಮೂರೂ ಒಟ್ಟಿಗೆ ಕೂಡುವ ಮನೆಗಳು ನಮ್ಮ ಮೊಹಲ್ಲಾದಲ್ಲಿ ಎಷ್ಟಿವೆ?

ಆಪಾ ಅವರ ಲೆಕ್ಕ ನೋಡೋಣ. ವರ್ಷದ ಸಂಬಳ 9 ಲಕ್ಷ, ಬೇರೆ ಆದಾಯವಿಲ್ಲ, ಸ್ವಂತ ಮನೆಯಲ್ಲಿ ವಾಸ. 2023-24ರ ಹಣಕಾಸು ವರ್ಷದಿಂದ ಹೊಸ ತೆರಿಗೆ ಪದ್ಧತಿಯೇ ತಾನಾಗಿ ಅನ್ವಯಿಸುತ್ತದೆ. ಹಳೆಯದು ಬೇಕೆಂದವರು ಮಾತ್ರ ಅದನ್ನು ಆಯ್ದುಕೊಳ್ಳಬೇಕು. ಹೊಸ ಪದ್ಧತಿಯಲ್ಲಿ ಸಂಬಳದಾರರಿಗೆ 75,000 ರೂಪಾಯಿಯ ಸ್ಟ್ಯಾಂಡರ್ಡ್ ಡಿಡಕ್ಷನ್ ಇದೆ. ಅದನ್ನು ಕಳೆದರೆ ಅವರ ಆದಾಯ 8,25,000. ಈ ಪದ್ಧತಿಯಲ್ಲಿ 2025-26ರ ವರ್ಷಕ್ಕೆ 12 ಲಕ್ಷದವರೆಗಿನ ಆದಾಯಕ್ಕೆ ರಿಯಾಯಿತಿ ಇರುವುದರಿಂದ ಅವರು ಕಟ್ಟಬೇಕಾದ ತೆರಿಗೆ ಸೊನ್ನೆ. ಪಾಲಿಸಿ ಮಾಡಿಸಿದರೂ ಸೊನ್ನೆ, ಮಾಡಿಸದಿದ್ದರೂ ಸೊನ್ನೆ. ಹೊಸ ಪದ್ಧತಿಯಲ್ಲಿ 80ಸಿ ಕಡಿತವೇ ಇಲ್ಲ. ಇಲ್ಲದ ತೆರಿಗೆಯನ್ನು ಉಳಿಸಲು ಆಪಾ ವರ್ಷಕ್ಕೆ ಒಂದು ಲಕ್ಷ ಕಟ್ಟಲು ಒಪ್ಪಿದ್ದರು.

‘ಹಾಗಾದರೆ ಹಳೆಯ ಪದ್ಧತಿಗೆ ಹೋದರೆ ಲಾಭ ಸಿಗುತ್ತದಲ್ಲ ಚಾಚಾ?’ ಎಂದು ಅವರ ತಮ್ಮ ಕೇಳಿದ. ಏಜೆಂಟ್ ಕೂಡ ಅವನಿಗೆ ಅದನ್ನೇ ಹೇಳಿದ್ದನಂತೆ. ಲೆಕ್ಕ ಹಾಕಿ ತೋರಿಸಿದೆ. ಹಳೆಯ ಪದ್ಧತಿಯಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ 50,000. ಅದನ್ನು ಕಳೆದರೆ 8,50,000 ಉಳಿಯುತ್ತದೆ. 80ಸಿಯ ಪೂರ್ತಿ ಒಂದೂವರೆ ಲಕ್ಷ ಕಳೆದರೂ ತೆರಿಗೆಯ ಲೆಕ್ಕಕ್ಕೆ ಬರುವುದು 7 ಲಕ್ಷ. ಅದರ ಮೇಲಿನ ತೆರಿಗೆ ಸೆಸ್ ಸೇರಿ 54,600. 80ಸಿ ಇಲ್ಲದಿದ್ದರೆ ಅದೇ ಹಳೆಯ ಪದ್ಧತಿಯಲ್ಲಿ 85,800 ಆಗುತ್ತಿತ್ತು. ಅಂದರೆ ಹಳೆಯ ಪದ್ಧತಿಯ ಒಳಗೆ ನೋಡಿದರೆ 31,200 ಉಳಿತಾಯ ಎನಿಸುತ್ತದೆ. ಆದರೆ ಸೊನ್ನೆ ತೆರಿಗೆಯ ಬಾಗಿಲು ಬಿಟ್ಟು 54,600ರ ಬಾಗಿಲಿಗೆ ಹೋಗಿ ‘31,200 ಉಳಿಸಿದೆ’ ಎಂದು ಸಂತೋಷಪಡುವುದು ಯಾವ ಲೆಕ್ಕ?

ಹಳೆಯ ಪದ್ಧತಿಯೇ ಲಾಭವಾಗುವ ಕುಟುಂಬಗಳೂ ಇವೆ. ದೊಡ್ಡ ಬಾಡಿಗೆ ಕಟ್ಟಿ ಮನೆ ಬಾಡಿಗೆ ಭತ್ಯೆಯ ವಿನಾಯಿತಿ ಪಡೆಯುವವರು ಒಂದು ಉದಾಹರಣೆ. ಅಂಥವರೂ ಪಾಲಿಸಿಗೆ ಮೊದಲು 80ಸಿಯಲ್ಲಿ ಎಷ್ಟು ಜಾಗ ಉಳಿದಿದೆ ಎಂದು ನೋಡಬೇಕು. ಖಾಸಗಿ ಕಂಪೆನಿಯ ನೌಕರರೊಬ್ಬರ ಸಂಬಳದಿಂದ ತಿಂಗಳಿಗೆ 6,000 ಪಿಎಫ್ ಕಡಿತವಾದರೆ ವರ್ಷಕ್ಕೆ 72,000. ಇಬ್ಬರು ಮಕ್ಕಳ ಬೋಧನಾ ಶುಲ್ಕ ತಲಾ 30,000 ಎಂದರೆ 60,000. ಅಲ್ಲಿಗೆ 1,32,000 ತುಂಬಿತು. ಉಳಿದ ಜಾಗ 18,000 ಮಾತ್ರ. ಇವರು ಒಂದು ಲಕ್ಷದ ಪ್ರೀಮಿಯಂ ಕಟ್ಟಿದರೆ ಅದರಲ್ಲಿ 18,000ಕ್ಕೆ ಮಾತ್ರ ಕಡಿತ ಸಿಗುತ್ತದೆ. 30% ದರದವರಿಗೂ ಉಳಿಯುವುದು 5,616 ರೂಪಾಯಿ, 46,800 ಅಲ್ಲ.

ಮಕ್ಕಳ ಶಾಲಾ ಶುಲ್ಕವೂ 80ಸಿಗೆ ಬರುತ್ತದೆ ಎಂಬುದು ನಮ್ಮ ಎಷ್ಟೋ ಮನೆಗಳಿಗೆ ಗೊತ್ತಿಲ್ಲ. ಭಾರತದೊಳಗಿನ ಶಾಲೆ ಅಥವಾ ಕಾಲೇಜಿನಲ್ಲಿ ಪೂರ್ಣಾವಧಿ ಓದುವ ಇಬ್ಬರು ಮಕ್ಕಳವರೆಗೆ ಬೋಧನಾ ಶುಲ್ಕ ಲೆಕ್ಕಕ್ಕೆ ಬರುತ್ತದೆ. ಡೊನೇಷನ್, ಬಸ್ಸು, ಹಾಸ್ಟೆಲ್ ಶುಲ್ಕ ಬರುವುದಿಲ್ಲ. ಹೇಗೂ ಕಟ್ಟಲೇಬೇಕಾದ ಆ ಹಣದ ರಸೀದಿಯನ್ನು ಕಪಾಟಿನಲ್ಲಿ ಇಟ್ಟುಕೊಂಡು ಹೊಸ ಪಾಲಿಸಿಗೆ ಸಹಿ ಹಾಕುವವರನ್ನು ನಾನು ನೋಡಿದ್ದೇನೆ.

‘10 ಲಕ್ಷ ಕಟ್ಟಿ 24 ಲಕ್ಷ ಪಡೆಯಿರಿ, ವರ್ಷಕ್ಕೆ 14% ಲಾಭ ಗ್ಯಾರಂಟಿ’

ಈ ಒಂದು ಸಾಲಿನಲ್ಲಿ ಎರಡು ತಪ್ಪುಗಳಿವೆ. ಒಂದು 14% ಎಂಬ ಸಂಖ್ಯೆಯಲ್ಲಿ, ಇನ್ನೊಂದು ಗ್ಯಾರಂಟಿ ಎಂಬ ಶಬ್ದದಲ್ಲಿ.

ಪಾಲಿಸಿ ಹೀಗಿದೆ. ವರ್ಷಕ್ಕೆ ಒಂದು ಲಕ್ಷದಂತೆ 10 ವರ್ಷ ಪ್ರೀಮಿಯಂ ಕಟ್ಟಬೇಕು. ಅದರ ನಂತರ ಇನ್ನೂ 10 ವರ್ಷ ಕಾಯಬೇಕು. 20ನೇ ವರ್ಷದ ಕೊನೆಗೆ ಹಣ ಕೈಗೆ ಬರುತ್ತದೆ. ಈ 20 ವರ್ಷ ಎಂಬ ಮಾತು ಪೋಸ್ಟರಿನಲ್ಲಿ ಎಲ್ಲೂ ಇರಲಿಲ್ಲ.

14% ಹೇಗೆ ಬಂತು ಎಂದು ಏಜೆಂಟ್ ಹುಡುಗನನ್ನೇ ಕರೆದು ಕೇಳಿದೆ. ‘10 ಲಕ್ಷಕ್ಕೆ 14 ಲಕ್ಷ ಲಾಭ ಎಂದರೆ 140%. 10 ವರ್ಷಕ್ಕೆ ಭಾಗಿಸಿದರೆ 14% ಅಲ್ಲವಾ ಚಾಚಾ?’ ಎಂದ. ಅವನಿಗೆ ತರಬೇತಿಯಲ್ಲಿ ಯಾರೋ ಹಾಗೆ ಹೇಳಿಕೊಟ್ಟಿದ್ದರು. ಅವನು ಅದನ್ನು ನಂಬಿದ್ದ.

ಈ ಲೆಕ್ಕ ಏಕೆ ತಪ್ಪು? ಹಣ ಕಂಪೆನಿಯ ಕೈಯಲ್ಲಿ ಇರುವುದು 10 ವರ್ಷವಲ್ಲ. ಮೊದಲ ಕಂತು 20 ವರ್ಷ ಅಲ್ಲಿರುತ್ತದೆ, ಎರಡನೆಯದು 19 ವರ್ಷ, ಹತ್ತನೆಯದು 11 ವರ್ಷ. ಸರಾಸರಿ ತೆಗೆದರೆ ಪ್ರತಿ ರೂಪಾಯಿ ಹದಿನೈದೂವರೆ ವರ್ಷ ಅಲ್ಲಿರುತ್ತದೆ. ಜೊತೆಗೆ ಪ್ರತಿ ವರ್ಷದ ಬೆಳವಣಿಗೆ ಹಿಂದಿನ ವರ್ಷದ ಬೆಳವಣಿಗೆಯ ಮೇಲೂ ಸೇರುತ್ತಾ ಹೋಗಬೇಕು. ಒಟ್ಟು ಲಾಭವನ್ನು ವರ್ಷಗಳಿಂದ ಸುಮ್ಮನೆ ಭಾಗಿಸಿದರೆ ಅದೆಲ್ಲ ಮುಚ್ಚಿಹೋಗುತ್ತದೆ. ಸರಿಯಾಗಿ ಲೆಕ್ಕ ಹಾಕಿದರೆ ಈ ಪಾಲಿಸಿಯಲ್ಲಿ 24 ಲಕ್ಷ ಬಂದರೂ ಅದು ವರ್ಷಕ್ಕೆ ಸುಮಾರು 5.7% ಮಾತ್ರ. 14 ಅಲ್ಲ, ಅದರ ಅರ್ಧವೂ ಅಲ್ಲ.

ಇದನ್ನು ನೀವೇ ಪರೀಕ್ಷಿಸಬಹುದು. ಮನೆಯಲ್ಲಿ ಕಾಲೇಜಿಗೆ ಹೋಗುವ ಮಗನೋ ಮಗಳೋ ಇದ್ದರೆ ಮೊಬೈಲಿನ ಸ್ಪ್ರೆಡ್‌ಶೀಟ್ ತೆರೆಯಲು ಹೇಳಿ. ಮೊದಲ ಕಾಲಮ್ಮಿನ A1ರಿಂದ A10ರವರೆಗೆ ಪ್ರತಿ ಮನೆಯಲ್ಲಿ `-100000` ಹಾಕಿ. ಕೈಯಿಂದ ಹೋಗುವ ಹಣವಾದ್ದರಿಂದ ಮೈನಸ್. A11ರಿಂದ A20ರವರೆಗೆ `0`. A21ರಲ್ಲಿ `2400000`. ಬೇರೊಂದು ಮನೆಯಲ್ಲಿ ಹೀಗೆ ಬರೆಯಿರಿ:

```
=IRR(A1:A21)
```

ಬರುವ ಉತ್ತರವೇ ವರ್ಷದ ನಿಜವಾದ ದರ. ಪ್ರೀಮಿಯಂ ಕಟ್ಟುವ ವರ್ಷಗಳು ಮತ್ತು ಅವಧಿ ಬೇರೆಯಾದರೆ ಮನೆಗಳ ಸಂಖ್ಯೆ ಬದಲಾಗುತ್ತದೆ, ಸೂತ್ರ ಅದೇ. ‘ಲಾಭ ಎಷ್ಟು?’ ಎಂದು ಏಜೆಂಟನ್ನು ಕೇಳುವ ಬದಲು ‘ಯಾವ ವರ್ಷ ಎಷ್ಟು ಕಟ್ಟಬೇಕು, ಯಾವ ವರ್ಷ ಎಷ್ಟು ಬರುತ್ತದೆ? ಕಾಗದದ ಮೇಲೆ ಬರೆದುಕೊಡಿ’ ಎಂದು ಕೇಳಿ. ಉಳಿದದ್ದನ್ನು ಸೂತ್ರವೇ ಹೇಳುತ್ತದೆ.

ಈಗ ಗ್ಯಾರಂಟಿ. ಇದು ಬೋನಸ್ ಸೇರುವ ಸಾಂಪ್ರದಾಯಿಕ ಪಾಲಿಸಿ. ಇಂಥ ಪಾಲಿಸಿ ಮಾರುವಾಗ ‘ಬೆನಿಫಿಟ್ ಇಲ್ಲಸ್ಟ್ರೇಷನ್’ ಎಂಬ ಪಟ್ಟಿಯನ್ನು ಗ್ರಾಹಕರಿಗೆ ಕೊಡಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರದ ನಿಯಮವಿದೆ. ಅದರಲ್ಲಿ ಕಂಪೆನಿಯ ಹೂಡಿಕೆ ವರ್ಷಕ್ಕೆ 4% ಗಳಿಸಿದರೆ ನಿಮಗೆ ಎಷ್ಟು, 8% ಗಳಿಸಿದರೆ ಎಷ್ಟು ಎಂದು ಎರಡು ಕಾಲಮ್ಮುಗಳಿರುತ್ತವೆ. ಎರಡೂ ಊಹೆಯ ದರಗಳು. ಅವು ಕನಿಷ್ಠವೂ ಅಲ್ಲ, ಗರಿಷ್ಠವೂ ಅಲ್ಲ ಎಂದು ಆ ಪಟ್ಟಿಯಲ್ಲೇ ಬರೆದಿರುತ್ತದೆ.

ಆಪಾ ಅವರ ಪಟ್ಟಿಯನ್ನು ತರಿಸಿ ನೋಡಿದೆ. ಖಚಿತವಾಗಿ ಸಿಗುವ ಮೊತ್ತ 10 ಲಕ್ಷ. 4%ನ ಕಾಲಮ್ಮಿನಲ್ಲಿ 13 ಲಕ್ಷ. 8%ನ ಕಾಲಮ್ಮಿನಲ್ಲಿ 24 ಲಕ್ಷ. ಪೋಸ್ಟರಿಗೆ ಬಂದದ್ದು ಕೊನೆಯ ಸಂಖ್ಯೆ ಮಾತ್ರ, ಅದೂ ‘ಗ್ಯಾರಂಟಿ’ ಎಂಬ ಹೆಸರಿನಲ್ಲಿ. ನಿಜವಾಗಿ ಗ್ಯಾರಂಟಿ ಇರುವುದು 10 ಲಕ್ಷಕ್ಕೆ, ಅಂದರೆ ಕಟ್ಟಿದ ಹಣಕ್ಕೆ ಸರಿಯಾಗಿ. ಅದರ ಮೇಲಿನ ಖಚಿತ ಲಾಭ ಸೊನ್ನೆ. 13 ಲಕ್ಷ ಬಂದರೆ ವರ್ಷಕ್ಕೆ ಸುಮಾರು 1.7%. ಒಮ್ಮೆ ಘೋಷಣೆಯಾಗಿ ಪಾಲಿಸಿಗೆ ಸೇರಿದ ಬೋನಸ್ ನಿಮ್ಮದೇ. ಆದರೆ ಮುಂದಿನ ವರ್ಷಗಳ ಬೋನಸ್ ಎಷ್ಟು ಎಂದು ಇಂದು ಯಾರೂ ಮಾತು ಕೊಡಲು ಸಾಧ್ಯವಿಲ್ಲ.

ಪ್ರವಾದಿ(ಸ)ರವರು ಸಂತೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಒಳಗೆ ತೇವ ಸಿಕ್ಕಿದ ಘಟನೆ ನಮಗೆಲ್ಲ ಗೊತ್ತು. ಮಳೆಗೆ ನೆನೆಯಿತು ಎಂದ ವ್ಯಾಪಾರಿಯನ್ನು ಅವರು ಕೇಳಿದ್ದು, ನೆನೆದದ್ದನ್ನು ಜನರಿಗೆ ಕಾಣುವಂತೆ ಮೇಲೆ ಏಕೆ ಇಡಲಿಲ್ಲ ಎಂದು. ನೆನೆದ ಧಾನ್ಯ ಮಾರುವುದೇ ತಪ್ಪು ಎನ್ನಲಿಲ್ಲ, ಅಡಿಯಲ್ಲಿ ಬಚ್ಚಿಟ್ಟದ್ದು ತಪ್ಪು ಎಂದರು. ನಮ್ಮ ದೇಶದ ವಿಮಾ ಜಾಹೀರಾತು ನಿಯಮವೂ ಇದಕ್ಕೆ ಹತ್ತಿರದ ಮಾತನ್ನೇ ಹೇಳುತ್ತದೆ. ಲಾಭ ಖಚಿತವಲ್ಲದಿದ್ದರೆ, ಲಾಭವನ್ನು ಎಷ್ಟು ಎದ್ದು ಕಾಣುವಂತೆ ಹೇಳಿದ್ದಾರೋ ಅಷ್ಟೇ ಎದ್ದು ಕಾಣುವಂತೆ ‘ಇದು ಖಚಿತವಲ್ಲ’ ಎಂದೂ ಹೇಳಬೇಕು. ಇಲ್ಲದಿದ್ದರೆ ಅದು ದಾರಿ ತಪ್ಪಿಸುವ ಜಾಹೀರಾತು. 24 ಲಕ್ಷ ದಪ್ಪ ಅಕ್ಷರದಲ್ಲಿ, ‘ಷರತ್ತು ಅನ್ವಯ’ ಇರುವೆ ಗಾತ್ರದಲ್ಲಿ ಇದ್ದರೆ ತೇವದ ಧಾನ್ಯ ರಾಶಿಯ ಅಡಿಯಲ್ಲೇ ಇದೆ ಎಂದರ್ಥ.

ಷೇರು ಮಾರುಕಟ್ಟೆಗೆ ಹೋಗುವ ಇಎಲ್‌ಎಸ್‌ಎಸ್ ಎಂಬ ತೆರಿಗೆ ಉಳಿತಾಯದ ಮ್ಯೂಚುವಲ್ ಫಂಡ್‌ಗಳಿಗೂ ಇದೇ ಪರೀಕ್ಷೆ ಸಾಕು. ಅಲ್ಲಿ ಇಷ್ಟೇ ಲಾಭ ಖಚಿತ ಎಂದು ಮಾತು ಕೊಡುವಂತಿಲ್ಲ. ‘ಕಳೆದ ಮೂರು ವರ್ಷದಲ್ಲಿ ಇಷ್ಟು ಕೊಟ್ಟಿದೆ’ ಎಂಬುದು ಹಿಂದಿನ ಕಥೆ, ಮುಂದಿನ ಕರಾರಲ್ಲ. ತಿಂಗಳ ಕಂತಿನಲ್ಲಿ ಹಾಕಿದರೆ ಪ್ರತಿ ಕಂತೂ ತನ್ನ ದಿನದಿಂದ ಮೂರು ವರ್ಷ ಬೀಗದೊಳಗೆ ಇರುತ್ತದೆ. ಹಾಗೆಯೇ ಫಂಡಿನ ಹೆಸರಿನಲ್ಲಿ ಶರೀಅತ್ ಎಂದಿದ್ದ ಮಾತ್ರಕ್ಕೆ 80ಸಿ ಸಿಗುವುದಿಲ್ಲ. ಇಎಲ್‌ಎಸ್‌ಎಸ್ ಎಂದು ನಮೂದಾಗಿದ್ದರೆ ಮಾತ್ರ ಸಿಗುತ್ತದೆ. ಇವೆರಡೂ ಬೇರೆ ಬೇರೆ ಪ್ರಶ್ನೆಗಳು.

‘ಬಡ್ಡಿ ಅಲ್ಲ, ಬೋನಸ್’

ಈ ಸಾಲು ನಮ್ಮ ಮೊಹಲ್ಲಾಕ್ಕೆಂದೇ ಬರೆದದ್ದು. ಬೇರೆ ಬೀದಿಯ ಪೋಸ್ಟರಿನಲ್ಲಿ ಇದು ಇರುವುದಿಲ್ಲ.

ಬೋನಸ್ ಎಂಬುದು ಕಂಪೆನಿ ತನ್ನ ನಿಧಿಯ ಹೆಚ್ಚುವರಿಯಿಂದ ಪಾಲಿಸಿದಾರರಿಗೆ ಹಂಚುವ ಪಾಲು. ಆ ನಿಧಿ ಎಲ್ಲಿಂದ ಗಳಿಸುತ್ತದೆ? ಸಾಂಪ್ರದಾಯಿಕ ಜೀವ ವಿಮಾ ನಿಧಿಯ ಕನಿಷ್ಠ ಅರ್ಧದಷ್ಟನ್ನು ಸರಕಾರಿ ಸಾಲಪತ್ರಗಳಲ್ಲಿ ಮತ್ತು ಅಂಥದೇ ಅನುಮೋದಿತ ಪತ್ರಗಳಲ್ಲಿ ಇಡಬೇಕೆಂದು ನಿಯಮವೇ ಹೇಳುತ್ತದೆ. ಸಾಲಪತ್ರದ ಗಳಿಕೆ ಎಂದರೆ ಬಡ್ಡಿ. ಮೇಲಿನ ಹೆಸರು ಬೋನಸ್ ಆದರೂ ಒಳಗಿನ ಹರಿವಿನ ದೊಡ್ಡ ಭಾಗ ಅದೇ.

ಇಂಥ ಪಾಲಿಸಿ ತೆಗೆದುಕೊಳ್ಳಬಹುದೇ ಎಂಬ ತೀರ್ಪನ್ನು ನಾನು ಕೊಡುವುದಿಲ್ಲ. ಅದನ್ನು ನೀವು ನಂಬುವ ಆಲಿಮರನ್ನು ಕೇಳಿ. ಆದರೆ ಕೇಳುವಾಗ ಪೋಸ್ಟರ್ ತೋರಿಸಿ ಕೇಳಬೇಡಿ. ಪಾಲಿಸಿ ಪತ್ರ ತೋರಿಸಿ, ನಿಧಿ ಎಲ್ಲಿ ಹೂಡಿಕೆಯಾಗುತ್ತದೆ ಎಂಬುದನ್ನು ತಿಳಿಸಿ ಕೇಳಿ. ಪ್ರಶ್ನೆಯೇ ಅರ್ಧವಾಗಿದ್ದರೆ ಉತ್ತರವೂ ಅರ್ಧವಾಗುತ್ತದೆ. ಏಜೆಂಟರಾಗಿ ದುಡಿಯುವ ನಮ್ಮ ಯುವಕರಿಗೂ ಒಂದು ಮಾತು. ನೀವು ಪಾಲಿಸಿ ಮಾರಬಹುದು, ಫತ್ವಾ ಮಾರಬೇಡಿ.

‘ಮಾರ್ಚ್ 31 ಕೊನೆಯ ದಿನ’

ಇದು ಅರ್ಧ ಸತ್ಯ. ಹಳೆಯ ಪದ್ಧತಿಯಲ್ಲಿರುವವರು ಆ ವರ್ಷದ ಕಡಿತ ಪಡೆಯಲು ಹಣವನ್ನು ಮಾರ್ಚ್ 31ರೊಳಗೆ ಕಟ್ಟಿರಬೇಕು, ನಿಜ. ಆದರೆ ಜನವರಿ ಅಥವಾ ಫೆಬ್ರವರಿಯಲ್ಲಿ ಕಚೇರಿ ಕೇಳುವ ದಾಖಲೆಯ ಗಡುವು ಕಾನೂನಿನ ಗಡುವಲ್ಲ. ಆಗ ಶಾಲೆಯ ರಸೀದಿ ಕೊಡಲು ಮರೆತಿದ್ದರೂ ರಿಟರ್ನ್ ಸಲ್ಲಿಸುವಾಗ ಆ ಕಡಿತವನ್ನು ತೋರಿಸಿ, ಹೆಚ್ಚಾಗಿ ಹೋದ ತೆರಿಗೆಯನ್ನು ಮರಳಿ ಪಡೆಯಬಹುದು. ಅದಕ್ಕಾಗಿ ಗಾಬರಿಯಲ್ಲಿ ಹೊಸ ಪಾಲಿಸಿ ಮಾಡಿಸಬೇಕಿಲ್ಲ.

ಗಾಬರಿಯ ನಿಜವಾದ ಬೆಲೆ ಎರಡನೆಯ ವರ್ಷ ತಿಳಿಯುತ್ತದೆ. ಗಡುವು ಒಂದು ದಿನದ್ದು, ಕರಾರು 10 ವರ್ಷದ್ದು. ಎರಡನೆಯ ಕಂತಿಗೆ ಹಣ ಹೊಂದಿಸಲಾಗದೆ ಮೊದಲ ಕಂತಿನಲ್ಲೇ ಕೈಬಿಡುವವರು ಪೆಟ್ಟು ತಿನ್ನುವುದು ಇಲ್ಲಿಯೇ. ಆರಂಭದ ವರ್ಷಗಳಲ್ಲಿ ಪಾಲಿಸಿ ಬಿಟ್ಟರೆ ಕಟ್ಟಿದ್ದಕ್ಕಿಂತ ಬಹಳ ಕಡಿಮೆ ಮರಳುತ್ತದೆ. ಅದರ ಮೇಲೆ ಎರಡು ವರ್ಷದ ಪ್ರೀಮಿಯಂ ಕಟ್ಟುವ ಮೊದಲೇ ಪಾಲಿಸಿ ನಿಂತುಹೋದರೆ, ಹಿಂದೆ 80ಸಿಯಲ್ಲಿ ಪಡೆದ ಕಡಿತವನ್ನೂ ಮರಳಿ ಆದಾಯಕ್ಕೆ ಸೇರಿಸಿ ತೆರಿಗೆ ಕಟ್ಟಬೇಕು. ಯಾವ ವರ್ಷ ಬಿಟ್ಟರೆ ಎಷ್ಟು ಸಿಗುತ್ತದೆ ಎಂಬ ‘ಸರೆಂಡರ್ ವ್ಯಾಲ್ಯೂ’ ಕಾಲಮ್ ಅದೇ ಇಲ್ಲಸ್ಟ್ರೇಷನ್ ಪಟ್ಟಿಯಲ್ಲಿರುತ್ತದೆ. ಸಹಿಗೆ ಮೊದಲು ಅದರ ಮೊದಲ ಐದು ಸಾಲುಗಳನ್ನಾದರೂ ಓದಿ.

ಪ್ರಾಮಾಣಿಕ ಪೋಸ್ಟರ್ ಹೇಗಿರುತ್ತದೆ?

ಏಜೆಂಟ್ ಹುಡುಗನ ಜೊತೆ ಕುಳಿತು ಅದೇ ಪಾಲಿಸಿಯ ಬಗ್ಗೆ ಒಂದು ಹಾಳೆ ಬರೆದೆವು:

‘ಇದು ಜೀವ ವಿಮಾ ಪಾಲಿಸಿ, ಬ್ಯಾಂಕ್ ಠೇವಣಿ ಅಲ್ಲ. ವರ್ಷಕ್ಕೆ 1,00,000 ರೂಪಾಯಿ, 10 ವರ್ಷ ಕಟ್ಟಬೇಕು. ಹಣ ಮರಳುವುದು 20 ವರ್ಷದ ಕೊನೆಗೆ. ಅಷ್ಟರೊಳಗೆ ಮರಣ ಸಂಭವಿಸಿದರೆ ಕುಟುಂಬಕ್ಕೆ ಕನಿಷ್ಠ 10 ಲಕ್ಷ. ಅವಧಿ ಮುಗಿದಾಗ ಖಚಿತವಾಗಿ ಸಿಗುವುದು 10 ಲಕ್ಷ. ಬೋನಸ್ ಖಚಿತವಲ್ಲ. ಊಹೆಯ ದರ 4% ಆದರೆ ಒಟ್ಟು 13 ಲಕ್ಷ, ಅಂದರೆ ನಿಮಗೆ ವರ್ಷಕ್ಕೆ ಸುಮಾರು 1.7%. ಊಹೆಯ ದರ 8% ಆದರೆ ಒಟ್ಟು 24 ಲಕ್ಷ, ಅಂದರೆ ವರ್ಷಕ್ಕೆ ಸುಮಾರು 5.7%. ನಡುವೆ ಬಿಟ್ಟರೆ ನಷ್ಟವಾಗುತ್ತದೆ. ತೆರಿಗೆ ಕಡಿತ ಹಳೆಯ ಪದ್ಧತಿಯಲ್ಲಿರುವವರಿಗೆ, 80ಸಿಯಲ್ಲಿ ಜಾಗ ಉಳಿದಿದ್ದರೆ ಮಾತ್ರ.’

ಎಲ್ಲ ಸಾಲೂ ಒಂದೇ ಗಾತ್ರದ ಅಕ್ಷರದಲ್ಲಿ. ಹುಡುಗ ಓದಿ ಸ್ವಲ್ಪ ಹೊತ್ತು ಸುಮ್ಮನಿದ್ದ. ‘ಇಷ್ಟೆಲ್ಲ ಬರೆದರೆ ಯಾರು ತೆಗೆದುಕೊಳ್ಳುತ್ತಾರೆ ಚಾಚಾ?’ ಎಂದ. ಅವನ ಪ್ರಶ್ನೆ ಸುಳ್ಳಲ್ಲ, ಅವನಿಗೂ ಮನೆ ನಡೆಯಬೇಕು. ‘20 ವರ್ಷ ಮುಟ್ಟದ ಹಣ ಇರುವವರು, ಶಿಸ್ತಿಗಾಗಿ ಕಟ್ಟುವವರು ತೆಗೆದುಕೊಳ್ಳುತ್ತಾರೆ. ಅವರು ನಡುವೆ ಬಿಡುವುದಿಲ್ಲ, ನಿನ್ನನ್ನು ಬೀದಿಯಲ್ಲಿ ನಿಲ್ಲಿಸಿ ಕೇಳುವುದೂ ಇಲ್ಲ’ ಎಂದೆ.

ಅವನಿಗೆ ಗೊತ್ತಿರದ ಇನ್ನೊಂದು ನಿಯಮವನ್ನೂ ಹೇಳಿದೆ. ಏಜೆಂಟ್ ತಾನೇ ಪೋಸ್ಟರ್ ಮಾಡಿ ಹಂಚುವಂತಿಲ್ಲ. ಜಾಹೀರಾತಿಗೆ ಕಂಪೆನಿಯ ಒಪ್ಪಿಗೆ ಮೊದಲೇ ಬೇಕು. ಹಾಗಾಗಿ ನಮ್ಮ ಹಾಳೆಯೂ ಮೊದಲು ಕಂಪೆನಿಗೆ ಹೋಗಿ ಒಪ್ಪಿಗೆ ಪಡೆಯಬೇಕು. ಓದುಗರಿಗೆ ಇದೊಂದು ಸುಲಭ ಗುರುತು. ಪೋಸ್ಟರಿನಲ್ಲಿ ವಿಮಾ ಕಂಪೆನಿಯ ಹೆಸರು, ಪಾಲಿಸಿಯ ಪೂರ್ಣ ಹೆಸರು ಮತ್ತು ಯುಐಎನ್ ಎಂಬ ಸಂಖ್ಯೆ ಇಲ್ಲದಿದ್ದರೆ ಅದನ್ನು ಯಾರೂ ಪರಿಶೀಲಿಸಿಲ್ಲ ಎಂದು ತಿಳಿಯಿರಿ. ‘ಪ್ರಾಧಿಕಾರದಿಂದ ಮಾತನಾಡುತ್ತಿದ್ದೇವೆ, ನಿಮ್ಮ ಬೋನಸ್ ಬಾಕಿ ಇದೆ’ ಎಂಬ ಕರೆ ಬಂದರೆ ಅದು ಪೂರ್ತಿ ಮೋಸ. ಪ್ರಾಧಿಕಾರ ಪಾಲಿಸಿ ಮಾರುವುದಿಲ್ಲ, ಬೋನಸ್ ಘೋಷಿಸುವುದೂ ಇಲ್ಲ.

ಈಗಾಗಲೇ ಸಹಿ ಹಾಕಿದ್ದರೆ

ಜೀವ ವಿಮಾ ಪಾಲಿಸಿಯ ಪತ್ರ ಕೈಗೆ ಬಂದ ದಿನದಿಂದ 30 ದಿನಗಳ ‘ಫ್ರೀ ಲುಕ್’ ಅವಧಿ ಇರುತ್ತದೆ. ಷರತ್ತುಗಳು ಒಪ್ಪಿಗೆಯಾಗದಿದ್ದರೆ ಆ ಅವಧಿಯೊಳಗೆ ಪಾಲಿಸಿ ಮರಳಿಸಬಹುದು. ಅಷ್ಟು ದಿನದ ವಿಮಾ ರಕ್ಷಣೆಯ ವೆಚ್ಚ, ವೈದ್ಯಕೀಯ ಪರೀಕ್ಷೆ ಮಾಡಿಸಿದ್ದರೆ ಅದರ ಖರ್ಚು ಮತ್ತು ಸ್ಟಾಂಪ್ ಶುಲ್ಕ ಕಳೆದು ಉಳಿದ ಪ್ರೀಮಿಯಂ ಮರಳಿ ಬರುತ್ತದೆ. ಅರ್ಜಿಯನ್ನು ಏಜೆಂಟಿನ ಕೈಗೆ ಕೊಟ್ಟು ಸುಮ್ಮನಾಗಬೇಡಿ. ಕಂಪೆನಿಯ ಶಾಖೆಗೆ ಅಥವಾ ಅದರ ಇಮೇಲಿಗೆ ಬರಹದಲ್ಲಿ ಕೊಟ್ಟು, ದಿನಾಂಕವಿರುವ ಸ್ವೀಕೃತಿ ಪಡೆಯಿರಿ. ‘ಮುಂದಿನ ವಾರ ನೋಡೋಣ’ ಎಂದು ದಿನ ಕಳೆದರೆ 30 ದಿನ ಮುಗಿದುಹೋಗುತ್ತದೆ.

ಆ ಅವಧಿ ಮೀರಿದ್ದರೆ, ಸುಳ್ಳು ಹೇಳಿ ಮಾರಿದ್ದಾರೆ ಎಂದು ಮೊದಲು ಕಂಪೆನಿಗೆ ಲಿಖಿತ ದೂರು ಕೊಡಿ. ಅಲ್ಲಿ ಪರಿಹಾರ ಸಿಗದಿದ್ದರೆ ಪ್ರಾಧಿಕಾರದ ‘ಬಿಮಾ ಭರೋಸಾ’ ತಾಣದಲ್ಲಿ ಅಥವಾ 155255ಕ್ಕೆ ಕರೆ ಮಾಡಿ ದೂರು ದಾಖಲಿಸಬಹುದು. ಬೆಂಗಳೂರಿನಲ್ಲಿ ವಿಮಾ ಒಂಬುಡ್ಸ್‌ಮನ್ ಕಚೇರಿಯೂ ಇದೆ, ಅಲ್ಲಿಗೆ ದೂರು ಕೊಡಲು ಶುಲ್ಕವಿಲ್ಲ. ಈ ಎಲ್ಲ ಕಡೆ ಬಾಯಿಮಾತು ನಿಲ್ಲುವುದಿಲ್ಲ, ಕಾಗದ ನಿಲ್ಲುತ್ತದೆ. ಆದ್ದರಿಂದ ವಾಟ್ಸಾಪಿನಲ್ಲಿ ಬಂದ ಪೋಸ್ಟರನ್ನು ಅಳಿಸಬೇಡಿ. ‘14% ಗ್ಯಾರಂಟಿ’ ಎಂದು ಬರೆದ ಆ ಚಿತ್ರವೇ ನಿಮ್ಮ ಸಾಕ್ಷಿ.

ಆಪಾ ಅವರಿಗೆ ಪಾಲಿಸಿ ಪತ್ರ ಬಂದು ಒಂಬತ್ತು ದಿನವಾಗಿತ್ತು. ಅವರು ಮರುದಿನವೇ ಶಾಖೆಗೆ ಹೋಗಿ ಅರ್ಜಿ ಕೊಟ್ಟರು. ಅರ್ಜಿ ಬರೆಯಲು ಸಹಾಯ ಮಾಡಿದವನು ಅದೇ ಏಜೆಂಟ್ ಹುಡುಗ. ಕಮಿಷನ್ ಹೋಯಿತು ಎಂದು ಅವನ ಮುಖ ಸಣ್ಣದಾಗಿತ್ತು. ಆದರೂ ಮೊಹಲ್ಲಾದ ಗುಂಪಿನಿಂದ ಹಳೆಯ ಪೋಸ್ಟರ್ ತೆಗೆದು, ಅದನ್ನು ನೋಡಿ ಪಾಲಿಸಿ ಮಾಡಿಸಿದ ಇನ್ನಿಬ್ಬರಿಗೆ ತಾನೇ ಫೋನ್ ಮಾಡಿ 30 ದಿನದ ಅವಕಾಶ ಇದೆ ಎಂದು ತಿಳಿಸಿದ.